ಸ್ಟಾರ್-ಸ್ಟಾರ್ ಟ್ರಾನ್ಸ್‌ಫಾರ್ಮರ್: ಮೂರು ಲಿಂಬ್ ಕೋರ್ 30 ಆಂಪಿಯರ್ ಅಸಮ ಲೋಡ್ ತಡೆಯುತ್ತೆ, ಐದು ಲಿಂಬ್ ಒಂದೇ ಹ್ಯಾಲೊಜೆನ್‌ಗೆ ಅಲ್ಲಾಡುತ್ತೆ. ಯಾಕೆ?

ಕಾಯಿಲ್_ಕಟ್ಟೆ

ರಿವೈಂಡಿಂಗ್‌ಗೆ ಬಂದ ಎರಡು ಟ್ರಾನ್ಸ್‌ಫಾರ್ಮರ್ ಬಗ್ಗೆ ಕೇಳ್ತಿದ್ದೀನಿ. ಎರಡೂ 250 ಕೆವಿಎ, 11 ಕೆವಿ / 433 ವೋಲ್ಟ್, ಎರಡೂ ಕಡೆ ಸ್ಟಾರ್. ಎಲ್‌ವಿ ನ್ಯೂಟ್ರಲ್ ಹೊರಗೆ ತಂದಿದ್ದಾರೆ, ಎಚ್‌ವಿ ಸ್ಟಾರ್ ಪಾಯಿಂಟ್ ಎಲ್ಲಿಗೂ ಕಟ್ಟಿಲ್ಲ. ಡೆಲ್ಟಾ ವೈಂಡಿಂಗ್ ಎಲ್ಲೂ ಇಲ್ಲ. ಒಂದರ ಕೋರ್ ಮೂರು ಲಿಂಬ್, ಇನ್ನೊಂದರದು ಐದು ಲಿಂಬ್.

ಬೆಂಚಿನಲ್ಲಿ 11 ಕೆವಿ ಕೊಟ್ಟು, ಆರ್ ಫೇಸ್‌ಗೆ ಮಾತ್ರ ಲೋಡ್ ಹಾಕಿ ಫೇಸ್-ನ್ಯೂಟ್ರಲ್ ವೋಲ್ಟೇಜ್ ನೋಡಿದಾಗ ಸಿಕ್ಕಿದ್ದು ಇದು. ಮೀಟರ್ ಟ್ರೂ ಆರ್‌ಎಂಎಸ್.

ಮೂರು ಲಿಂಬ್: ಲೋಡ್ ಇಲ್ಲದಾಗ ಮೂರೂ ಫೇಸ್ 250. ಹೀಟರ್ ಬ್ಯಾಂಕ್ 30 ಆಂಪಿಯರ್ ಹಾಕಿದಾಗ ಆರ್ 249, ವೈ 253, ಬಿ 247.

ಐದು ಲಿಂಬ್: ಲೋಡ್ ಇಲ್ಲದಾಗ ಮೂರೂ ಫೇಸ್ 255, ಆದರೆ ಲೈನ್-ಲೈನ್ ಸರಿಯಾಗಿ 433. ಒಂದೇ ಒಂದು 500 ವ್ಯಾಟ್ ಹ್ಯಾಲೊಜೆನ್ ಹಾಕಿದಾಗ ಆರ್ 254, ವೈ 277, ಬಿ 236. ಲೈನ್-ಲೈನ್ ಆಗಲೂ 433.

ವೈಂಡಿಂಗ್ ರೇಷಿಯೋ ಮೂರೂ ಫೇಸ್‌ನಲ್ಲಿ ಸರಿ ಇದೆ, ರೆಸಿಸ್ಟೆನ್ಸ್ ಸರಿ ಇದೆ, ಮೆಗ್ಗರ್ ಸರಿ ಇದೆ. ಎರಡು ಆಂಪಿಯರ್‌ಗೆ ಹೀಗೆ ಅಲ್ಲಾಡೋದು ಯಾಕೆ? ಲೋಡ್ ಇರೋದು ಆರ್ ಮೇಲೆ, ಏರೋದು ವೈ. ಇದೂ ಅರ್ಥ ಆಗ್ತಿಲ್ಲ.

---

ಪಂಪ್‌ಸೆಟ್_ಹಾವೇರಿ

ನ್ಯೂಟ್ರಲ್ ಲೂಸ್ ಐತಿ ನೋಡ್ರಿ. ನಮ್ಮ ಊರಾಗ ಟಿಸಿ ನ್ಯೂಟ್ರಲ್ ವೈರ್ ಕಂಬದ ಮ್ಯಾಲೆ ಕಡದಿತ್ತು, ಒಂದ್ ಓಣಿಯಾಗ ಬಲ್ಬ್ ಮಿಣಿಮಿಣಿ, ಇನ್ನೊಂದ್ ಓಣಿಯಾಗ ಟಿವಿ ಸುಟ್ವು. ಲಗ್ ಬಿಚ್ಚಿ ಸ್ವಚ್ಛ ಮಾಡಿ ಬಿಗೀರಿ, ಸರಿ ಆಕ್ಕತಿ.

---

ಫ್ಲಕ್ಸ್_ದಾರಿ

@ಪಂಪ್‌ಸೆಟ್_ಹಾವೇರಿ ಅಣ್ಣ, ನೀವು ಹೇಳಿದ್ದು ನಿಜವಾದ ತೊಂದರೆಯೇ, ಆದರೆ ಇಲ್ಲಿಯದು ಬೇರೆ. ನಮ್ಮ ಊರುಗಳ ಟಿಸಿ ಡೆಲ್ಟಾ-ಸ್ಟಾರ್. ಅದರಲ್ಲಿ ನ್ಯೂಟ್ರಲ್ ತಂತಿ ಕಡಿದರೆ ಮನೆಗಳ ಕಡೆ ವೋಲ್ಟೇಜ್ ಅಲ್ಲಾಡುತ್ತೆ, ಟ್ರಾನ್ಸ್‌ಫಾರ್ಮರ್ ಬುಶಿಂಗ್ ಮೇಲೆ ಅಳೆದರೆ ಎಲ್ಲವೂ ಸರಿಯಾಗೇ ಇರುತ್ತೆ. ಇವರು ಬುಶಿಂಗ್ ಮೇಲೇ ಅಳೆದಿದ್ದಾರೆ ಅಂದುಕೊಳ್ತೀನಿ. ಹಾಗಾದರೆ ಒಳಗಿನ ಸ್ಟಾರ್ ಪಾಯಿಂಟ್ ವಿದ್ಯುತ್ ಲೆಕ್ಕದಲ್ಲೇ ಜರುಗಿದೆ, ಜಾಯಿಂಟ್ ಲೂಸ್ ಆಗಿ ಅಲ್ಲ.

---

ಕಾಯಿಲ್_ಕಟ್ಟೆ

ಹೌದು ಸರ್, ಬುಶಿಂಗ್ ಮೇಲೇ ಅಳೆದದ್ದು.

---

ಸಬ್‌ಸ್ಟೇಷನ್_ಶಿಫ್ಟ್

ಇದು ಉಲ್ಟಾ ಆಯ್ತಲ್ಲ? ಮೂರೂ ಫೇಸ್‌ನಲ್ಲಿ ಒಟ್ಟಿಗೆ ಏರಿಳಿಯೋ ಝೀರೋ ಸೀಕ್ವೆನ್ಸ್ ಫ್ಲಕ್ಸ್‌ಗೆ ಮೂರು ಲಿಂಬ್ ಕೋರ್‌ನಲ್ಲಿ ವಾಪಸ್ ಬರೋಕೆ ದಾರಿ ಇಲ್ಲ, ಅದು ಟ್ಯಾಂಕ್‌ಗೆ ನುಗ್ಗಿ ಟ್ಯಾಂಕ್ ಬಿಸಿ ಮಾಡುತ್ತೆ. ಐದು ಲಿಂಬ್‌ನಲ್ಲಿ ಹೊರಗಿನ ಎರಡು ಲಿಂಬ್ ಇರೋದೇ ಆ ದಾರಿ ಕೊಡೋಕೆ. ಹಾಗಾಗಿ ಅಸಮ ಲೋಡ್‌ಗೆ ಐದು ಲಿಂಬ್ ಒಳ್ಳೇದು ಅಂತಾನೇ ನಾವು ಓದಿದ್ದು. ಲೇಬಲ್ ಅದಲುಬದಲು ಆಗಿದೆಯಾ ನೋಡಿ.

---

ಫ್ಲಕ್ಸ್_ದಾರಿ

ಅರ್ಧ ಸರಿ. ದಾರಿಯ ವಿಷಯ ಸರಿ, ಟ್ಯಾಂಕ್ ಬಿಸಿಯ ವಿಷಯವೂ ಸರಿ. "ಹಾಗಾಗಿ ಒಳ್ಳೇದು" ಅನ್ನೋದು ಈ ಕನೆಕ್ಷನ್‌ಗೆ ಹೊಂದಲ್ಲ. ಲೇಬಲ್ ಅದಲುಬದಲಾಗಿಲ್ಲ, ಅಂಕಿಗಳು ಸರಿಯಾಗಿ ಐದು ಲಿಂಬ್ ತೋರಿಸಬೇಕಾದ್ದನ್ನೇ ತೋರಿಸ್ತಿವೆ.

ಮೊದಲು ಆಂಪಿಯರ್-ಟರ್ನ್ ಎಣಿಸೋಣ. ಎಲ್ಲವನ್ನೂ ಎಲ್‌ವಿ ಕಡೆಯ ಆಂಪಿಯರ್‌ನಲ್ಲೇ ಹೇಳ್ತೀನಿ. ಆರ್ ಸೆಕೆಂಡರಿಯಲ್ಲಿ 30 ಆಂಪಿಯರ್ ಹರಿದು ನ್ಯೂಟ್ರಲ್‌ನಲ್ಲಿ ವಾಪಸ್ ಬರುತ್ತೆ. ಅದನ್ನು ಪ್ರೈಮರಿ ಸರಿದೂಗಿಸಬೇಕಾದರೆ ಆರ್ ಪ್ರೈಮರಿಯಲ್ಲೂ 30 ಬೇಕು. ಆದರೆ ಪ್ರೈಮರಿ ಸ್ಟಾರ್ ಪಾಯಿಂಟ್ ಎಲ್ಲಿಗೂ ಕಟ್ಟಿಲ್ಲ, ಆರ್‌ನಲ್ಲಿ ಬಂದ ಕರೆಂಟ್ ವೈ ಮತ್ತು ಬಿ ಪ್ರೈಮರಿ ಮೂಲಕವೇ ಹೊರಗೆ ಹೋಗಬೇಕು. ಅಲ್ಲಿ ಸೆಕೆಂಡರಿಯಲ್ಲಿ ಕರೆಂಟೇ ಇಲ್ಲ. ಕೊನೆಗೆ ನಿಲ್ಲೋ ಲೆಕ್ಕ ಇದು: ಆರ್ ಪ್ರೈಮರಿಯಲ್ಲಿ 20, ವೈನಲ್ಲಿ 10, ಬಿನಲ್ಲಿ 10, ಈ ಎರಡೂ ವಿರುದ್ಧ ದಿಕ್ಕಿಗೆ. ಆರ್ ಲಿಂಬ್‌ನಲ್ಲಿ 30 ಕಳೆದು 20, ಉಳಿದದ್ದು 10. ವೈ ಲಿಂಬ್‌ನಲ್ಲಿ ಸರಿದೂಗದೆ ಉಳಿದದ್ದು 10. ಬಿನಲ್ಲೂ 10. ಮೂರೂ ಒಂದೇ ದಿಕ್ಕಿಗೆ, ಒಂದೇ ಹೊತ್ತಿಗೆ. ಇದೇ ಝೀರೋ ಸೀಕ್ವೆನ್ಸ್, ನ್ಯೂಟ್ರಲ್ ಕರೆಂಟಿನ ಮೂರನೇ ಒಂದು ಭಾಗ. ಇದಕ್ಕೆ ಎದುರು ನಿಲ್ಲೋ ಕರೆಂಟ್ ಪ್ರೈಮರಿಯಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಈ 10 ಆಂಪಿಯರ್ ಪೂರ್ತಿ ಮ್ಯಾಗ್ನೆಟೈಸಿಂಗ್ ಕರೆಂಟ್ ಆಗಿಬಿಡುತ್ತೆ.

ಆ 10 ಆಂಪಿಯರ್ ಎಷ್ಟು ಫ್ಲಕ್ಸ್ ಹುಟ್ಟಿಸುತ್ತೆ ಅನ್ನೋದು ಕೋರ್‌ಗೆ ಬಿಟ್ಟದ್ದು. ಮೂರು ಲಿಂಬ್‌ನಲ್ಲಿ ಮೂರೂ ಫ್ಲಕ್ಸ್ ಒಟ್ಟಿಗೆ ಮೇಲಿನ ಯೋಕ್‌ಗೆ ಬಂದು ಅಲ್ಲಿಂದ ಮುಂದೆ ಹೋಗೋಕೆ ಕಬ್ಬಿಣ ಇಲ್ಲ. ಯೋಕ್‌ನಿಂದ ಎಣ್ಣೆಗೆ, ಎಣ್ಣೆಯಿಂದ ಟ್ಯಾಂಕ್‌ಗೆ, ಮತ್ತೆ ಕೆಳಗಿನ ಯೋಕ್‌ಗೆ ಬರಬೇಕು. ಅಷ್ಟು ಉದ್ದದ ಎಣ್ಣೆಯ ದಾರಿಯಲ್ಲಿ 10 ಆಂಪಿಯರ್‌ಗೆ ಸ್ವಲ್ಪವೇ ಫ್ಲಕ್ಸ್ ಹುಟ್ಟೋದು, ಸ್ವಲ್ಪವೇ ವೋಲ್ಟೇಜ್. ಐದು ಲಿಂಬ್‌ನಲ್ಲಿ ದಾರಿ ಪೂರ್ತಿ ಕಬ್ಬಿಣ. ಅದೇ ಆಂಪಿಯರ್‌ಗೆ ನೂರು ಪಟ್ಟು ಫ್ಲಕ್ಸ್ ಹುಟ್ಟಬಹುದು, ಅಷ್ಟೇ ಪಟ್ಟು ವೋಲ್ಟೇಜ್. ಫ್ಲಕ್ಸ್‌ಗೆ ದಾರಿ ಸುಲಭ ಆದಷ್ಟೂ ನ್ಯೂಟ್ರಲ್ ಜರುಗೋದು ಹೆಚ್ಚು.

---

ಮೂರನೇ_ಸೆಮ್

ಸರ್, ಇದಕ್ಕೆ ಅಂಕಿ ಹಾಕಿ ತೋರಿಸ್ತೀರಾ? ವೈ ಯಾಕೆ ಏರುತ್ತೆ ಅನ್ನೋದೂ ತಿಳೀಲಿಲ್ಲ. ಆರ್‌ಗೆ ಲೋಡ್ ಹಾಕಿದರೆ ಆರ್ ಇಳಿಯಬೇಕಲ್ವಾ?

---

ಫ್ಲಕ್ಸ್_ದಾರಿ

ಖಂಡಿತ. 250 ಕೆವಿಎಗೆ ಎಲ್‌ವಿ ಕರೆಂಟ್ 333 ಆಂಪಿಯರ್, ಫೇಸ್ ವೋಲ್ಟೇಜ್ 250, ಬೇಸ್ ಇಂಪಿಡೆನ್ಸ್ 0.75 ಓಮ್. ಟ್ಯಾಂಕ್ ಒಳಗಿರೋ ಮೂರು ಲಿಂಬ್ ಕೋರ್‌ಗೆ ಝೀರೋ ಸೀಕ್ವೆನ್ಸ್ ಮ್ಯಾಗ್ನೆಟೈಸಿಂಗ್ ಇಂಪಿಡೆನ್ಸ್ ಬೇಸ್‌ನ ಶೇ. 50ರ ಆಸುಪಾಸು ಇದೆ ಅಂತ ಇಟ್ಟುಕೊಳ್ಳಿ, ಅಂದರೆ 0.375 ಓಮ್. 10 ಆಂಪಿಯರ್‌ಗೆ ನ್ಯೂಟ್ರಲ್ ಜರುಗೋದು 3.75 ವೋಲ್ಟ್.

ಈಗ ದಿಕ್ಕು. ಲೋಡ್ ಹೀಟರ್, ಕರೆಂಟ್ ಆರ್ ವೋಲ್ಟೇಜ್ ಜೊತೆಗೇ ಇದೆ. ಇಂಪಿಡೆನ್ಸ್ ಬಹುಪಾಲು ರಿಯಾಕ್ಟೆನ್ಸ್. ಹಾಗಾಗಿ ನ್ಯೂಟ್ರಲ್ ಆರ್ ವೆಕ್ಟರ್‌ಗೆ ಅಡ್ಡಲಾಗಿ ಜರುಗುತ್ತೆ. ಅಡ್ಡಲಾಗಿ 3.75 ಸೇರಿದರೆ 250ರ ಉದ್ದ ಹೆಚ್ಚುಕಡಿಮೆ ಹಾಗೇ ಇರುತ್ತೆ. ಏರೋದು ವೈ, ಇಳಿಯೋದು ಬಿ. ಲೆಕ್ಕ ಹಾಕಿದರೆ ವೈ 253, ಬಿ 247. ನೀವು ಅಳೆದದ್ದೂ ಅದೇ. ಫೇಸ್ ಸೀಕ್ವೆನ್ಸ್ ತಿರುಗಿಸಿದರೆ ಏರೋದು ಬಿ ಆಗುತ್ತೆ. ಲೋಡ್ ಜಾಗದಲ್ಲಿ ಚೋಕ್ ಹಾಕಿದರೆ ಆರ್ ನೇರವಾಗಿ ಇಳಿಯುತ್ತೆ, ವೈ ಮತ್ತು ಬಿ ಎರಡೂ ಏರುತ್ತವೆ.

ಐದು ಲಿಂಬ್‌ಗೆ ಬನ್ನಿ. ಲೋಡ್ ಇಲ್ಲದಾಗಲೇ 255 ಇದೆಯಲ್ಲ, ಅದನ್ನು ಬಿಡಬೇಡಿ. 433ಕ್ಕೆ ಫೇಸ್ 250 ಬರಬೇಕು. ಹೆಚ್ಚಿಗೆ ಇರೋದು ಮೂರನೇ ಹಾರ್ಮೋನಿಕ್, ಅದೂ ಮೂರು ಫೇಸ್‌ನಲ್ಲಿ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತೆ, ಹಾಗಾಗಿ ಲೈನ್-ಲೈನ್‌ನಲ್ಲಿ ಕಾಣಲ್ಲ. ಎಷ್ಟಿದೆ ಅಂದರೆ:

```
V3 = sqrt(255^2 - 250^2) = 50 V
```

ಹ್ಯಾಲೊಜೆನ್ ಹಾಕಿದ ಮೇಲಿನ ನಿಮ್ಮ ಮೂರೂ ಅಂಕಿಯಿಂದ ಈ 50 ವೋಲ್ಟ್ ಇದೇ ರೀತಿ ತೆಗೆದರೆ 50 ಹರ್ಟ್ಸ್ ಭಾಗ ಆರ್ 249, ವೈ 272, ಬಿ 231 ಹತ್ತಿರ ಬರುತ್ತೆ. ಅಂದರೆ ನ್ಯೂಟ್ರಲ್ 25 ವೋಲ್ಟ್‌ನಷ್ಟು ಜರುಗಿದೆ. ನ್ಯೂಟ್ರಲ್‌ನಲ್ಲಿ ಹರಿದದ್ದು 2 ಆಂಪಿಯರ್, ಝೀರೋ ಸೀಕ್ವೆನ್ಸ್ 0.67. ಭಾಗಿಸಿದರೆ 37.5 ಓಮ್, ಬೇಸ್‌ನ 50 ಪಟ್ಟು. ಮೂರು ಲಿಂಬ್‌ನಲ್ಲಿ ಇದೇ 25 ವೋಲ್ಟ್ ಜರುಗಬೇಕಾದರೆ ಆರ್‌ನಲ್ಲಿ 200 ಆಂಪಿಯರ್ ಬೇಕಿತ್ತು.

---

ಡಿಸೈನ್_ಡೆಸ್ಕ್

ಒಂದು ಮಿತಿ ಸೇರಿಸ್ತೀನಿ. ಈ 37.5 ಓಮ್ ಎಲ್ಲಾ ಲೋಡ್‌ಗೂ ನಿಲ್ಲಲ್ಲ. ಐದು ಲಿಂಬ್ ಕೋರ್‌ನಲ್ಲಿ ಹೊರ ಲಿಂಬ್‌ನ ಅಡ್ಡಕೊಯ್ತ ಮುಖ್ಯ ಲಿಂಬ್‌ನ ಅರ್ಧದ ಆಸುಪಾಸು ಇರುತ್ತೆ. ಮೂರು ಮುಖ್ಯ ಲಿಂಬ್‌ಗಳ ಝೀರೋ ಸೀಕ್ವೆನ್ಸ್ ಫ್ಲಕ್ಸ್ ಎರಡು ಹೊರ ಲಿಂಬ್‌ನಲ್ಲಿ ವಾಪಸ್ ಬರಬೇಕು, ಅಂದರೆ ಒಂದೊಂದರಲ್ಲಿ ಒಂದೂವರೆ ಪಾಲು. ನ್ಯೂಟ್ರಲ್ ಶೇ. 30 ಜರುಗಿತು ಅನ್ನಿ. ಹೊರ ಲಿಂಬ್‌ಗೆ ಮುಖ್ಯ ಲಿಂಬ್ ಫ್ಲಕ್ಸ್‌ನ ಶೇ. 45 ಬಂತು, ಅದೂ ಅರ್ಧ ಜಾಗದಲ್ಲಿ. ಮುಖ್ಯ ಲಿಂಬ್ 1.7 ಟೆಸ್ಲಾ ಇದ್ದರೆ ಹೊರ ಲಿಂಬ್ ಇದೊಂದರಿಂದಲೇ 1.5 ದಾಟುತ್ತೆ. ಸಮ ಲೋಡ್ ಇದ್ದಾಗಲೂ ಅಲ್ಲಿ ಹರಿಯೋ ಫ್ಲಕ್ಸ್, ಮೂರನೇ ಹಾರ್ಮೋನಿಕ್ ಫ್ಲಕ್ಸ್, ಎರಡೂ ಅದರ ಮೇಲೆ. ಅಲ್ಲಿಂದಾಚೆ ಸ್ಯಾಚುರೇಶನ್. ಇಂಪಿಡೆನ್ಸ್ ಬೀಳುತ್ತೆ, ಹೆಚ್ಚಿನ ಫ್ಲಕ್ಸ್ ಟ್ಯಾಂಕ್‌ಗೇ ನುಗ್ಗುತ್ತೆ, ಫೇಸ್ ವೋಲ್ಟೇಜ್ ಅಲೆ ಮೊನಚಾಗುತ್ತೆ. ಹತ್ತು ಆಂಪಿಯರ್ ಹಾಕಿ ನೋಡಿದ್ದರೆ ಸರಳ ಲೆಕ್ಕಕ್ಕೆ ವೈ 360ರ ಹತ್ತಿರ ಬರುತ್ತೆ, ಮೀಟರ್‌ನಲ್ಲಿ ಅದಕ್ಕಿಂತ ಕಡಿಮೆ ಕಾಣುತ್ತೆ. ಕಡಿಮೆ ಕಂಡಿತು ಅಂತ ಸಮಾಧಾನ ಪಡಬೇಡಿ.

ಐದು ಲಿಂಬ್ ಕೋರ್ ಹುಟ್ಟಿದ್ದು ಅಸಮ ಲೋಡ್‌ಗಾಗಿ ಅಲ್ಲ. ಯೋಕ್‌ನ ಫ್ಲಕ್ಸ್ ಹಂಚಿಹೋಗೋದರಿಂದ ಯೋಕ್ ಎತ್ತರವನ್ನು ಲಿಂಬ್‌ನ ಶೇ. 58ರ ಹತ್ತಿರಕ್ಕೆ ಇಳಿಸಬಹುದು. ದೊಡ್ಡ ಪವರ್ ಟ್ರಾನ್ಸ್‌ಫಾರ್ಮರ್ ರೈಲಿನಲ್ಲಿ, ಸೇತುವೆ ಕೆಳಗೆ ಹಾಯಬೇಕಾದಾಗ ಆ ಎತ್ತರ ಬಹಳ ಮುಖ್ಯ. ಅವುಗಳಲ್ಲಿ ಸಾಮಾನ್ಯವಾಗಿ ಎಲ್ಲೋ ಒಂದು ಕಡೆ ಡೆಲ್ಟಾ ಇರುತ್ತೆ, ಹಾಗಾಗಿ ಈ ತೊಂದರೆ ತಲೆ ಎತ್ತಲ್ಲ.

---

ಸಬ್‌ಸ್ಟೇಷನ್_ಶಿಫ್ಟ್

ಸರಿ, ಒಪ್ಪಿದೆ. ಆದರೆ ಅಮೆರಿಕದಲ್ಲಿ ಪ್ಯಾಡ್ ಮೌಂಟ್ ಸ್ಟಾರ್-ಸ್ಟಾರ್‌ಗೆ ಐದು ಲಿಂಬ್ ಕೋರೇ ಹಾಕ್ತಾರಲ್ಲ, ಟ್ಯಾಂಕ್ ಬಿಸಿ ತಪ್ಪಿಸೋಕೆ. ಅಲ್ಲಿ ಅದು ಹೇಗೆ ನಡೆಯುತ್ತೆ?

---

ಫ್ಲಕ್ಸ್_ದಾರಿ

ಒಳ್ಳೇ ಪ್ರಶ್ನೆ. ಅಲ್ಲಿ ಎಚ್‌ವಿ ಕಡೆ ನಾಲ್ಕು ತಂತಿ, ಪ್ರೈಮರಿ ನ್ಯೂಟ್ರಲ್ ಸಪ್ಲೈ ನ್ಯೂಟ್ರಲ್‌ಗೆ ಕಟ್ಟಿರ್ತಾರೆ. ಆಗ ಆರ್‌ನ 30ಕ್ಕೆ ಆರ್ ಪ್ರೈಮರಿಯಲ್ಲೇ 30 ಬಂದು ನ್ಯೂಟ್ರಲ್‌ನಲ್ಲಿ ವಾಪಸ್ ಹೋಗುತ್ತೆ. ಉಳಿಕೆ ಆಂಪಿಯರ್-ಟರ್ನ್ ಸೊನ್ನೆ. ಅಸಮ ಲೋಡ್ ಕೋರ್‌ಗೆ ಗೊತ್ತೇ ಆಗಲ್ಲ. ಅಲ್ಲಿ ಝೀರೋ ಸೀಕ್ವೆನ್ಸ್ ಫ್ಲಕ್ಸ್ ಹುಟ್ಟೋದು ಸಪ್ಲೈ ವೋಲ್ಟೇಜೇ ಅಸಮ ಆದಾಗ, ಮುಖ್ಯವಾಗಿ ಒಂದು ಎಚ್‌ವಿ ಫ್ಯೂಸ್ ಹಾರಿ ಲೋಡ್ ಹಾಗೇ ಉಳಿದಾಗ. ಆಗ ಮೂರು ಲಿಂಬ್ ಕೋರ್ ಇದ್ದರೆ ಫ್ಲಕ್ಸ್ ಟ್ಯಾಂಕ್‌ಗೆ ಹೋಗಿ ಗೋಡೆ ಸುಡುತ್ತೆ. ಐದು ಲಿಂಬ್ ಇದ್ದರೆ ಹೊರ ಲಿಂಬ್ ಅದನ್ನು ಹೊರುತ್ತೆ. ನೀವು ಓದಿದ್ದು ಆ ಕನೆಕ್ಷನ್‌ಗೆ ಪೂರ್ತಿ ಸರಿ.

ಅಂದರೆ ಕೇಳಬೇಕಾದ ಮೊದಲ ಪ್ರಶ್ನೆ ಕೋರ್ ಯಾವುದು ಅಂತಲ್ಲ. ಝೀರೋ ಸೀಕ್ವೆನ್ಸ್ ಕರೆಂಟ್‌ಗೆ ಎದುರು ಹರಿಯೋ ವೈಂಡಿಂಗ್ ಇದೆಯಾ ಅಂತ. ಡೆಲ್ಟಾ ಇದ್ದರೆ ಇದೆ. ಎರಡೂ ನ್ಯೂಟ್ರಲ್ ಕಟ್ಟಿದ್ದರೆ ಇದೆ. ಎಲ್‌ವಿ ಝಿಗ್‌ಝ್ಯಾಗ್ ಇದ್ದರೆ ಒಂದೇ ಲಿಂಬ್ ಮೇಲಿನ ಎರಡು ಅರ್ಧಗಳೇ ಒಂದನ್ನೊಂದು ಕಳೆದುಬಿಡುತ್ತವೆ. ಇದ್ಯಾವುದೂ ಇಲ್ಲದಾಗ ಮಾತ್ರ ಕೋರ್ ತೀರ್ಮಾನ ಮಾಡುತ್ತೆ.

---

ಮೂರನೇ_ಸೆಮ್

ಹಾಗಾದರೆ ನಮ್ಮ ಡೆಲ್ಟಾ-ಸ್ಟಾರ್ ಟಿಸಿಯಲ್ಲಿ ಝೀರೋ ಸೀಕ್ವೆನ್ಸ್ ಫ್ಲಕ್ಸ್ ಸೊನ್ನೆ ಅಂತ ಬರೆಯಬಹುದಾ?

---

ಡಿಸೈನ್_ಡೆಸ್ಕ್

ಸೊನ್ನೆ ಅಂತ ಬರೆಯಬೇಡಿ, ಬಹಳ ಕಡಿಮೆ ಅನ್ನಿ. ಡೆಲ್ಟಾ ಒಳಗೆ ಸುತ್ತೋ ಕರೆಂಟ್ ಹೆಚ್ಚಿನ ಪಾಲನ್ನು ಕಳೆಯುತ್ತೆ, ಲೀಕೇಜ್ ರಿಯಾಕ್ಟೆನ್ಸ್‌ನ ಮೇಲಿನ ವೋಲ್ಟೇಜ್‌ನಷ್ಟು ಉಳಿಯುತ್ತೆ. ಮೂರು ಲಿಂಬ್‌ನಲ್ಲಿ ಟ್ಯಾಂಕ್ ದಾರಿಯೂ ಪಕ್ಕದಲ್ಲಿ ಸಮಾಂತರವಾಗಿ ಇರೋದರಿಂದ ಅಳೆದ ಝೀರೋ ಸೀಕ್ವೆನ್ಸ್ ಇಂಪಿಡೆನ್ಸ್, ನೇಮ್‌ಪ್ಲೇಟ್ ಇಂಪಿಡೆನ್ಸ್‌ಗಿಂತ ಸ್ವಲ್ಪ ಕಡಿಮೆ ಬರುತ್ತೆ. ಐದು ಲಿಂಬ್‌ನಲ್ಲಿ ಹೆಚ್ಚುಕಡಿಮೆ ಸಮ ಬರುತ್ತೆ.

---

ಕಾಯಿಲ್_ಕಟ್ಟೆ

ಈಗ ಸ್ಪಷ್ಟ ಆಯ್ತು. ಎರಡು ವಿಷಯ ಕೇಳ್ತೀನಿ. ಇದನ್ನು 11 ಕೆವಿ ಕೊಡದೆ ಅಳೆಯೋದು ಹೇಗೆ? ಗಿರಾಕಿ ಈ ಐದು ಲಿಂಬ್ ಯುನಿಟ್‌ನಿಂದ ಲೈಟಿಂಗ್ ಲೋಡ್ ನಡೆಸಬೇಕು ಅಂತಿದ್ದಾರೆ, ಏನು ಮಾಡಬಹುದು?

---

ಫ್ಲಕ್ಸ್_ದಾರಿ

ಅಳೆಯೋದು ಸುಲಭ. ಎಚ್‌ವಿ ಟರ್ಮಿನಲ್ ಮೂರೂ ತೆರೆದಿಡಿ, ಯಾರೂ ಮುಟ್ಟದಂತೆ ಹಗ್ಗ ಕಟ್ಟಿ, ಅಲ್ಲಿ ವೋಲ್ಟೇಜ್ ಹುಟ್ಟುತ್ತೆ: ಎಲ್‌ವಿಗೆ 4 ವೋಲ್ಟ್ ಕೊಟ್ಟರೂ ಸ್ಟಾರ್ ಪಾಯಿಂಟ್‌ನಿಂದ ಪ್ರತಿ ಟರ್ಮಿನಲ್‌ಗೆ 100 ವೋಲ್ಟ್ ದಾಟಿರುತ್ತೆ. ಎಲ್‌ವಿಯ ಮೂರೂ ಫೇಸ್ ಟರ್ಮಿನಲ್ ಒಂದು ದಪ್ಪ ಪಟ್ಟಿಯಿಂದ ಸೇರಿಸಿ. ಆ ಪಟ್ಟಿ ಮತ್ತು ನ್ಯೂಟ್ರಲ್ ಮಧ್ಯೆ ವೇರಿಯಾಕ್‌ನಿಂದ ಸಿಂಗಲ್ ಫೇಸ್ ಕೊಡಿ, ಮೂರು ಲಿಂಬ್‌ಗೆ ವೇರಿಯಾಕ್ ಮುಂದೆ ಒಂದು ಲೋ ವೋಲ್ಟೇಜ್ ಹೈ ಕರೆಂಟ್ ಟ್ರಾನ್ಸ್‌ಫಾರ್ಮರ್ ಬೇಕು. ವೋಲ್ಟ್ ಮೀಟರ್ ನೇರ ಬುಶಿಂಗ್ ಸ್ಟಡ್ ಮೇಲೆ ಹಿಡಿಯಿರಿ, ಲೀಡ್ ಮೇಲೆ ಹಿಡಿದರೆ ಅದರ ಡ್ರಾಪ್ ಸೇರಿಕೊಳ್ಳುತ್ತೆ.

```
Z0 = 3 * V / I
3-limb:  3 * 4 / 32 = 0.375 ohm
5-limb:  3 * 25 / 2 = 37.5 ohm
```

ಐದು ಲಿಂಬ್‌ಗೆ ಒಂದೇ ಪಾಯಿಂಟ್ ಸಾಲದು. 10, 25, 50, 75 ವೋಲ್ಟ್‌ಗೆ ಓದಿ ಗೆರೆ ಎಳೆಯಿರಿ. ಎಲ್ಲಿ ಬಾಗಲು ಶುರುವಾಗುತ್ತೋ ಅಲ್ಲಿ ಹೊರ ಲಿಂಬ್ ತುಂಬಿದೆ. ಮೂರು ಲಿಂಬ್‌ನಲ್ಲಿ ಗೆರೆ ನೇರ ಇರುತ್ತೆ, ಆದರೆ ವ್ಯಾಟ್ ಮೀಟರ್ ನೋಡಿ: ಟ್ಯಾಂಕ್‌ನಲ್ಲಿ ಎಡ್ಡಿ ಕರೆಂಟ್ ಹರಿಯೋದರಿಂದ ಲಾಸ್ ಹೆಚ್ಚಿಗೆ ಕಾಣುತ್ತೆ. ಸ್ಟಾರ್-ಸ್ಟಾರ್ ಮೂರು ಲಿಂಬ್‌ಗೆ ನ್ಯೂಟ್ರಲ್ ಕರೆಂಟ್ ರೇಟೆಡ್‌ನ ಶೇ. 10ಕ್ಕೆ ಮಿತಿ ಹಾಕೋ ಹಳೆಯ ರೂಢಿ ಬಂದದ್ದು ಈ ಬಿಸಿಯಿಂದಲೂ, ನ್ಯೂಟ್ರಲ್ ಜರುಗೋದರಿಂದಲೂ. ನಿಮಗೆ ಅದು 33 ಆಂಪಿಯರ್.

ಐದು ಲಿಂಬ್ ಯುನಿಟ್ ಈಗಿರೋ ಹಾಗೆ ಲೈಟಿಂಗ್‌ಗೆ ಕೊಡಬೇಡಿ. ಬಲ್ಬ್ ಸುಡೋದಕ್ಕಿಂತ ದೊಡ್ಡ ಅಪಾಯ ಫ್ಯೂಸ್‌ನದು. ಆರ್ ಫೇಸ್ ನ್ಯೂಟ್ರಲ್‌ಗೆ ನೇರ ಶಾರ್ಟ್ ಆಯ್ತು ಅನ್ನಿ. ಇಂಪಿಡೆನ್ಸ್ ಶೇ. 4.5 ಇರೋ ಡೆಲ್ಟಾ-ಸ್ಟಾರ್‌ನಲ್ಲಿ 7,400 ಆಂಪಿಯರ್ ಹರಿದು ಫ್ಯೂಸ್ ಹಾರುತ್ತೆ. ಸ್ಟಾರ್-ಸ್ಟಾರ್ ಮೂರು ಲಿಂಬ್‌ನಲ್ಲಿ ಸುಮಾರು 1,700, ಫ್ಯೂಸ್ ತಡವಾಗಿ ಹಾರುತ್ತೆ, ಅಷ್ಟು ಹೊತ್ತೂ ಉಳಿದೆರಡು ಫೇಸ್ 385 ವೋಲ್ಟ್‌ನಲ್ಲಿ ಇರುತ್ತವೆ. ಐದು ಲಿಂಬ್‌ನಲ್ಲಿ ಸರಳ ಲೆಕ್ಕಕ್ಕೆ ಬರೋದು 20 ಆಂಪಿಯರ್. ಸ್ಯಾಚುರೇಶನ್ ಅದನ್ನು ಹಲವು ಪಟ್ಟು ಏರಿಸಿದರೂ ದೊಡ್ಡ ಫ್ಯೂಸ್ ಕರಗುತ್ತೆ ಅನ್ನೋ ಭರವಸೆ ಇಲ್ಲ. ಉಳಿದ ಎರಡು ಫೇಸ್ 433ರ ಕಡೆಗೆ ಏರಿ ಅಲ್ಲೇ ನಿಲ್ಲುತ್ತವೆ.

---

ಡಿಸೈನ್_ಡೆಸ್ಕ್

ಹೇಗಿದ್ದರೂ ರಿವೈಂಡ್ ಮಾಡ್ತಿದ್ದೀರಲ್ಲ, ಮೂರು ದಾರಿ ಇವೆ. ಮೊದಲನೆಯದು ಎಚ್‌ವಿಯನ್ನು ಡೆಲ್ಟಾ ಮಾಡೋದು. ಟರ್ನ್ಸ್ 1.73 ಪಟ್ಟು, ತಂತಿಯ ಅಡ್ಡಕೊಯ್ತ 1.73ರಿಂದ ಭಾಗಿಸಿದಷ್ಟು. ತಾಮ್ರ ಸುಮಾರು ಅಷ್ಟೇ, ಆದರೆ ಸಣ್ಣ ತಂತಿಗೆ ಇನ್ಸುಲೇಶನ್ ಹೆಚ್ಚು ಜಾಗ ತಿನ್ನುತ್ತೆ, ಕೋರ್‌ನ ಕಿಟಕಿಯಲ್ಲಿ ಹಿಡಿಯುತ್ತಾ ನೋಡಿ. ಟ್ಯಾಪ್ ಸ್ವಿಚ್ ಕೂಡ ಡೆಲ್ಟಾಗೆ ಒಗ್ಗೋದಾಗಿರಬೇಕು. ಆಮೇಲೆ ಇದು ಬೇರೊಂದು ಸ್ಟಾರ್-ಸ್ಟಾರ್ ಜೊತೆ ಪ್ಯಾರಲಲ್ ಆಗಲ್ಲ, 30 ಡಿಗ್ರಿ ವ್ಯತ್ಯಾಸ ಬರುತ್ತೆ. ನೇಮ್‌ಪ್ಲೇಟ್ ಬದಲಿಸೋದು ಮರೀಬೇಡಿ.

ಎರಡನೆಯದು ಎಲ್‌ವಿ ಝಿಗ್‌ಝ್ಯಾಗ್. ಎಲ್‌ವಿ ಟರ್ನ್ಸ್ ಶೇ. 15.5 ಹೆಚ್ಚು ಬೇಕು. ಆದರೆ ಲೋಡ್ ಇಲ್ಲದಾಗಿನ ಮೂರನೇ ಹಾರ್ಮೋನಿಕ್ ಫ್ಲಕ್ಸ್ ಕೋರ್‌ನಲ್ಲಿ ಹಾಗೇ ಉಳಿಯುತ್ತೆ, ಎಲ್‌ವಿ ಫೇಸ್‌ನಲ್ಲಿ ಮಾತ್ರ ಕಾಣಲ್ಲ.

ಮೂರನೆಯದು ಸಣ್ಣ ಡೆಲ್ಟಾ ಸ್ಟೆಬಿಲೈಸಿಂಗ್ ವೈಂಡಿಂಗ್. ಒಂದೇ ಫೇಸ್‌ನಲ್ಲಿ ಪೂರ್ತಿ 333 ಹರಿದರೂ ಝೀರೋ ಸೀಕ್ವೆನ್ಸ್ 111. ಹಾಗಾಗಿ ಎಲ್‌ವಿಯಷ್ಟೇ ಟರ್ನ್ಸ್ ಇದ್ದರೆ ಡೆಲ್ಟಾದಲ್ಲಿ 111 ಆಂಪಿಯರ್, ಮೂರನೇ ಒಂದು ಭಾಗ ಅನ್ನೋ ಅಳತೆ ಬಂದದ್ದು ಇಲ್ಲಿಂದ. ಆದರೆ ನ್ಯೂಟ್ರಲ್ ಶಾರ್ಟ್ ಆದಾಗಿನ ಕರೆಂಟ್‌ನ ಬಲ ತಡೆಯೋ ಹಾಗೆ ಬಿಗಿಯಾಗಿ ಕಟ್ಟಿರಬೇಕು, ತೆಳ್ಳಗೆ ಸುತ್ತಿದರೆ ಮೊದಲು ಹೋಗೋದು ಅದೇ.

---

ಸಬ್‌ಸ್ಟೇಷನ್_ಶಿಫ್ಟ್

ಎಚ್‌ವಿ ನ್ಯೂಟ್ರಲ್ ಅರ್ತ್ ಮಾಡಿದರೆ ಸುಲಭವಾಗಿ ಮುಗಿಯುತ್ತಲ್ಲ?

---

ಫ್ಲಕ್ಸ್_ದಾರಿ

ಮಾಡಬೇಡಿ. ನಮ್ಮ 11 ಕೆವಿ ಮೂರು ತಂತಿ. ಅಸಮ ಲೋಡ್ ಕರೆಂಟ್ ನೆಲದ ಮೂಲಕ ಸಬ್‌ಸ್ಟೇಷನ್‌ಗೆ ಹೋಗುತ್ತೆ, ಫೀಡರ್ ಅರ್ತ್ ಫಾಲ್ಟ್ ರಿಲೇ ಅದನ್ನು ಫಾಲ್ಟ್ ಅಂತಲೇ ಓದುತ್ತೆ. ಅರ್ತ್ ಪಿಟ್ ಸುತ್ತ ನೆಲದಲ್ಲಿ ವೋಲ್ಟೇಜ್ ಹುಟ್ಟುತ್ತೆ.

---

ಕಾಯಿಲ್_ಕಟ್ಟೆ

ಕಿಟಕಿ ಅಳತೆ ನೋಡಿ ಡೆಲ್ಟಾ ಮಾಡೋಕೆ ಗಿರಾಕಿಗೆ ಹೇಳ್ತೀನಿ. ಮೂರು ಲಿಂಬ್ ಯುನಿಟ್ ಸ್ಟಾರ್-ಸ್ಟಾರ್ ಆಗೇ ಉಳಿಯುತ್ತೆ, ಮೂರು ಫೇಸ್ ಮೋಟರ್ ಲೋಡ್‌ಗೆ. ಅದರ ಟ್ಯಾಂಕ್ ತುಕ್ಕು ಹಿಡಿದಿದೆ, ಸಾದಾ ಗೋಡೆಯ ಬದಲು ಕಾರುಗೇಟೆಡ್ ಟ್ಯಾಂಕ್ ಹಾಕಿದರೆ 0.375 ಓಮ್ ಬದಲಾಗುತ್ತಾ?

---

ಡಿಸೈನ್_ಡೆಸ್ಕ್

ಬದಲಾಗುತ್ತೆ. ಟ್ಯಾಂಕ್ ಗೋಡೆ ಮೂರೂ ಲಿಂಬ್ ಸುತ್ತ ಕಟ್ಟಿದ ಒಂದು ಶಾರ್ಟ್ ಆದ ಸುತ್ತಿನ ಹಾಗೆ ಕೆಲಸ ಮಾಡುತ್ತೆ. ತೆಳು ಮಡಿಕೆ ತಗಡಿನಲ್ಲಿ ಆ ಸುತ್ತು ಉದ್ದ, ರೆಸಿಸ್ಟೆನ್ಸ್ ಹೆಚ್ಚು, ಎದುರು ಹರಿಯೋ ಕರೆಂಟ್ ಕಡಿಮೆ. ಹಾಗಾಗಿ ಇಂಪಿಡೆನ್ಸ್ ಏರಬೇಕು ಅಂತ ನನ್ನ ಅಂದಾಜು.

---

ಫ್ಲಕ್ಸ್_ದಾರಿ

ನನಗೆ ಅಷ್ಟು ಖಚಿತ ಇಲ್ಲ. ಗೋಡೆ ಕೋರ್‌ನಿಂದ ಎಷ್ಟು ದೂರ ಹೋಗುತ್ತೆ, ತಗಡು ಎಷ್ಟು ದಪ್ಪ ಅನ್ನೋದರ ಮೇಲೂ ಇದೆ. ಹಳೇ ಟ್ಯಾಂಕ್‌ನಲ್ಲಿ 32 ಆಂಪಿಯರ್ ಕೊಟ್ಟು ವೋಲ್ಟ್ ಮತ್ತು ವ್ಯಾಟ್ ಬರೆದಿಡಿ, ಹೊಸ ಟ್ಯಾಂಕ್‌ಗೆ ಇಳಿಸಿದ ಮೇಲೆ ಅದೇ 32 ಕೊಟ್ಟು ಮತ್ತೆ ಓದಿ. ಮೋಟರ್ ಲೋಡ್ ಅಂದರೂ ಕಂಟ್ರೋಲ್ ಸಪ್ಲೈ, ಶೆಡ್ ಲೈಟ್ ಅಂತ ನ್ಯೂಟ್ರಲ್‌ಗೆ ಏನಾದರೂ ಬಂದು ಸೇರೇ ಸೇರುತ್ತೆ, ಆ ಅಂಕಿ ಗಿರಾಕಿಗೆ ಬೇಕಾಗುತ್ತೆ.

---

ಕಾಯಿಲ್_ಕಟ್ಟೆ

ಟ್ಯಾಂಕ್ ಬಂದ ಮೇಲೆ ಎರಡೂ ರೀಡಿಂಗ್ ಇಲ್ಲೇ ಹಾಕ್ತೀನಿ.